ಕಾವಲುಗಾರನ ಹೊಟ್ಟೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹನುಮಂತನಗರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಪಕ್ಕಿಂತ ದೊಡ್ಡದೊಂದು ರೋಗವೂ ಇತ್ತು. ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ, ತಪ್ಪು ಬೇರೆ ಎಲ್ಲಿರಬಹುದು ಎಂದು ಮೊದಲು ಹುಡುಕುವುದು. ಈ ರೋಗ ನನಗಿದೆ ಎಂದು ಗೊತ್ತಾದದ್ದು ಒಬ್ಬ ಕಾವಲುಗಾರನ ಹೊಟ್ಟೆಯಿಂದ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜೆ.ಪಿ. ನಗರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಾವು ಐದು ಜನ ಕಂಪ್ಯೂಟರ್ ಆಟಗಳನ್ನು ಮಾಡುತ್ತಿದ್ದೆವು. ಆಫೀಸು ಎನ್ನುವುದಕ್ಕಿಂತ ಮನೆ ಎಂದರೇ ಸರಿ. ಹಾಲ್‌ನಲ್ಲಿ ನಮ್ಮ ಮೇಜುಗಳು, ಅಡುಗೆಮನೆಯ ಕಟ್ಟೆಯ ಮೇಲೆ ಪ್ರಿಂಟರು ಮತ್ತು ಯುಪಿಎಸ್ಸು, ಮಕ್ಕಳ ಕೋಣೆಯಾಗಿದ್ದ ಕೋಣೆಯಲ್ಲಿ ನಮ್ಮ ಯಜಮಾನ. ಆ ಕೋಣೆಯ ಬಾಗಿಲಿಗೆ ಹಳೆಯ ಕಾಲದ ಬಣ್ಣದ ಚಿಟ್ಟೆಯ ಸ್ಟಿಕ್ಕರುಗಳು ಇನ್ನೂ ಅಂಟಿಕೊಂಡಿದ್ದವು. ಕೆಳಗಿನ ಮನೆಯಲ್ಲಿ ಒಡತಿ ಇದ್ದರು. ಅವರ ಕುಕ್ಕರು ಮೂರು ಸಲ ಕೂಗಿದರೆ ನಮಗೆ ಊಟದ ಹೊತ್ತು.

ಯಜಮಾನ ನನಗಿಂತ ಎರಡು ವರ್ಷ ದೊಡ್ಡವನು, ನನ್ನ ಕಾಲೇಜಿನವನೇ. ಹಾಗಾಗಿ ಅವನು ನನಗೆ ಗುರು, ನಾನು ಅವನಿಗೆ ಮಗಾ. ಬೇರೆಯವರಿಗೆಲ್ಲ ಅವನು ಸಾರ್. ಈ ಸಲುಗೆಯೇ ಮುಂದೆ ಆಗಿದ್ದಕ್ಕೆಲ್ಲ ಅರ್ಧ ಕಾರಣ ಎಂದು ಈಗ ಅನ್ನಿಸುತ್ತದೆ.

ಆಗ ನಾವು ಮಾಡುತ್ತಿದ್ದ ಆಟದಲ್ಲಿ ಒಂದು ಕೋತಿ ಇತ್ತು. ಹಳೆಯ ಬಂಗಲೆಯ ಕಾಂಪೌಂಡಿಗೆ ನುಗ್ಗಿ ಮಾವಿನಹಣ್ಣು ಕದಿಯುವುದು ಅದರ ಕೆಲಸ. ಆಡುವವರು ಕೋತಿ. ಶತ್ರು ಎಂದರೆ ಒಬ್ಬನೇ, ಆ ಬಂಗಲೆಯ ಕಾವಲುಗಾರ. ಅವನು ಕಾಂಪೌಂಡಿನಲ್ಲಿ ಸುತ್ತು ಹೊಡೆಯುತ್ತಿರುತ್ತಾನೆ, ಕೋತಿ ಕಣ್ಣಿಗೆ ಬಿದ್ದರೆ ಕೋಲು ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಾನೆ. ಮಕ್ಕಳ ಆಟ. ಅದನ್ನು ಕೊಳ್ಳಲು ಒಂದು ಕಂಪನಿ ಒಪ್ಪಿತ್ತು, ಅವರ ಕಡೆಯವರು ಶುಕ್ರವಾರ ನೋಡಲು ಬರುವವರಿದ್ದರು.

ಕಾವಲುಗಾರನನ್ನು ಮಾಡಿದವಳು ನಮ್ಮ ಕಲಾವಿದೆ. ಗದಗಿನ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಮನೆ ಮಾಡಿಕೊಂಡಿದ್ದಳು. ಸೇರಿ ಐದು ತಿಂಗಳಾಗಿತ್ತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕೆಲಸ ಕಾಯಂ ಮಾಡುವುದು ಅಥವಾ ನಮಸ್ಕಾರ ಹೇಳುವುದು ಯಜಮಾನನ ಕೈಯಲ್ಲಿತ್ತು. ಮನೆಯಲ್ಲಿ ಅವಳನ್ನು ಬೆಂಗಳೂರಿಗೆ ಕಳಿಸಿದ್ದೇ ಈ ಷರತ್ತಿನ ಮೇಲಂತೆ. ಕೆಲಸ ಕಾಯಂ ಆದರೆ ಇರು, ಇಲ್ಲವಾದರೆ ವಾಪಸು ಬಾ, ಹುಡುಗನ್ನ ನೋಡೋಣ. ಇದನ್ನು ಅವಳು ನಗುನಗುತ್ತಲೇ ಹೇಳಿದ್ದಳು, ಒಂದು ದಿನ ಊಟದ ಡಬ್ಬಿ ಬಿಚ್ಚುವಾಗ.

ಅವಳ ಕಾವಲುಗಾರನಿಗೆ ಒಂದು ಭಾರಿ ಹೊಟ್ಟೆ ಇತ್ತು. ಖಾಕಿ ಅಂಗಿಯ ಗುಂಡಿಗಳು ಈಗಲೋ ಆಗಲೋ ಹಾರುವಂತಿದ್ದವು. ನಡೆದರೆ ಹೊಟ್ಟೆ ಮೊದಲು ಹೊರಟು ಅವನು ಅದರ ಹಿಂದೆ ಬರುತ್ತಿದ್ದ. ಓಡಿದರೆ ಹೊಟ್ಟೆ ಒಂದು ತಾಳಕ್ಕೆ, ಕಾಲು ಇನ್ನೊಂದು ತಾಳಕ್ಕೆ. ಆ ಓಟವನ್ನು ಮೊದಲ ಸಲ ನೋಡಿದ ದಿನ ನಾವೆಲ್ಲ ಅವಳ ಕುರ್ಚಿಯ ಹಿಂದೆ ನಿಂತು ಹತ್ತು ಸಲ ಓಡಿಸಿ ನೋಡಿದೆವು. ಸತ್ಯ ಹೇಳಬೇಕೆಂದರೆ ಇಡೀ ಆಟದಲ್ಲಿ ಜೀವ ಇದ್ದದ್ದು ಆ ಹೊಟ್ಟೆಯಲ್ಲಿ.

ಕಾವಲುಗಾರನಿಗೆ ಕಣ್ಣು ಕೊಟ್ಟವನು ನಾನು. ಆಟದಲ್ಲಿ ಕಣ್ಣು ಎಂದರೆ ಚಿತ್ರದ ಕಣ್ಣಲ್ಲ. ಅವನ ಮುಖದ ಹತ್ತಿರ ಒಂದು ಬಿಂದು ಇಟ್ಟು, ಅಲ್ಲಿಂದ ಕೋತಿಯ ಕಡೆಗೆ ಕಾಣದ ಗೆರೆಯೊಂದನ್ನು ಎಸೆಯುವುದು. ಇದಕ್ಕೆ ರೇಕಾಸ್ಟ್ ಎನ್ನುತ್ತಾರೆ. ಗೆರೆ ಮೊದಲು ಯಾವುದಕ್ಕೆ ಬಡಿಯಿತು ಎಂದು ಕಂಪ್ಯೂಟರು ಹೇಳುತ್ತದೆ. ಗೋಡೆಗೆ ಬಡಿದರೆ ಕೋತಿ ಗೋಡೆಯ ಹಿಂದಿದೆ, ಕಾಣುವುದಿಲ್ಲ. ಕೋತಿಗೇ ಬಡಿದರೆ ಸಿಕ್ಕಿಬಿತ್ತು, ಅಟ್ಟಿಸಿಕೊಂಡು ಹೋಗು. ಗೆರೆ ಬಡಿಯುವುದು ಚಿತ್ರಕ್ಕಲ್ಲ, ಪ್ರತಿಯೊಂದು ವಸ್ತುವಿನ ಸುತ್ತ ನಾವು ತೊಡಿಸಿರುವ ಕಾಣದ ಚಿಪ್ಪಿಗೆ. ಅದರ ಹೆಸರು ಕೊಲೈಡರ್. ಗೋಡೆಗೆ ಡಬ್ಬಿಯಾಕಾರದ ಚಿಪ್ಪು, ಕೋತಿಗೆ ಮಾತ್ರೆಯಾಕಾರದ್ದು, ನಮ್ಮ ಕಾವಲುಗಾರನ ಹೊಟ್ಟೆಗೆ ಒಂದು ದೊಡ್ಡ ಗುಂಡಾದದ್ದು. ಕೋತಿ ಎಸೆದ ಹಣ್ಣು ಅವನ ಹೊಟ್ಟೆಗೆ ಬಡಿದು ಪುಟಿಯಬೇಕಿತ್ತಲ್ಲ, ಅದಕ್ಕೆ ಆ ಚಿಪ್ಪು ಬೇಕೇ ಬೇಕು.

ಇದೆಲ್ಲ ಒಂದು ವಾರ ಚೆನ್ನಾಗಿ ನಡೆಯಿತು. ದೂರದಲ್ಲಿ ಕೋತಿ ಕಂಡರೆ ಕಾವಲುಗಾರ ಓಡಿ ಬರುತ್ತಿದ್ದ. ನಾನು ಕೈ ಕಟ್ಟಿಕೊಂಡು ಕೂತು ಮೆಚ್ಚುಗೆ ಸ್ವೀಕರಿಸುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕೆಳಮನೆಯ ಆಂಟಿ ನೀರಿನ ಮೋಟರಿನ ವಿಷಯ ಹೇಳಲು ಮೇಲೆ ಬಂದರು. ಯಜಮಾನನಿಗೆ ಉತ್ಸಾಹ. ಆಂಟೀ, ನೀವೂ ಒಂದು ಸಲ ಆಡಿ ನೋಡಿ ಎಂದು ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದ. ಅವರು ಜನ್ಮದಲ್ಲಿ ಕಂಪ್ಯೂಟರು ಮುಟ್ಟಿದವರಲ್ಲ. ಅಡಗುವುದು, ಹೊಂಚು ಹಾಕುವುದು ಏನೂ ಗೊತ್ತಿಲ್ಲ. ಬಾಣದ ಗುಂಡಿ ಒತ್ತಿ ಹಿಡಿದರು. ಕಾವಲುಗಾರ ಬೆನ್ನು ಹಾಕಿ ನಿಂತಿದ್ದ. ಕೋತಿ ಅವನ ಪಕ್ಕದಿಂದ ಸುತ್ತಿ, ಅವನ ಮುಂದೆಯೇ ಎರಡು ಹೆಜ್ಜೆ ದೂರದಲ್ಲಿ ಹೋಗಿ ನಿಂತಿತು. ಅವನು ಕದಲಲಿಲ್ಲ. ಕೋತಿ ಅಲ್ಲೇ ಬಿದ್ದಿದ್ದ ಮಾವಿನಹಣ್ಣನ್ನು ಎತ್ತಿಕೊಂಡು, ಸ್ವಲ್ಪ ಹೊತ್ತು ಅವನ ಮುಖ ನೋಡಿ, ಹೊರಟುಹೋಯಿತು.

"ಏನಪ್ಪಾ, ಇವನಿಗೆ ಕಣ್ಣು ಕಾಣ್ಸಲ್ವಾ?" ಎಂದರು ಆಂಟಿ. ಅವರಿಗೆ ಆಟ ಕೆಟ್ಟಿದೆ ಎಂದು ಗೊತ್ತಾಗಲಿಲ್ಲ, ಕಾವಲುಗಾರ ಕೆಲಸಗಳ್ಳ ಎಂದುಕೊಂಡರು.

ಯಜಮಾನ ನನ್ನ ಕಡೆ ನೋಡಿದ. ನನ್ನ ಕಿವಿ ಬಿಸಿಯಾಯಿತು. ಒಂದು ವಾರದಿಂದ ನಾವೆಲ್ಲ ಆಡಿದ್ದೆವು. ಆದರೆ ನಾವು ಜಾಣರು, ಶತ್ರುವಿನ ಹತ್ತಿರ ಹೋಗಬಾರದು ಎಂದು ಗೊತ್ತಿದ್ದವರು, ಹತ್ತಿರ ಹೋಗಿಯೇ ಇರಲಿಲ್ಲ.

ನಾನು ಆ ಗೆರೆಯನ್ನು ಕಣ್ಣಿಗೆ ಕಾಣುವಂತೆ ಕೆಂಪು ಬಣ್ಣದಲ್ಲಿ ಎಳೆಸಿ ನೋಡಿದೆ. ತಕ್ಷಣ ಅರ್ಥವಾಯಿತು. ಕೋತಿ ಕುಳ್ಳಗಿನ ಪ್ರಾಣಿ. ದೂರದಲ್ಲಿದ್ದಾಗ ಕಾವಲುಗಾರನ ಕಣ್ಣಿನಿಂದ ಹೊರಟ ಗೆರೆ ಹೊಟ್ಟೆಯ ಮೇಲಿಂದ ಆರಾಮಾಗಿ ಹಾಯ್ದು ಹೋಗುತ್ತಿತ್ತು. ಹತ್ತಿರ ಬಂದರೆ ಗೆರೆ ಕೆಳಕ್ಕೆ ಬಾಗಬೇಕು. ಬಾಗಿದರೆ ದಾರಿಯಲ್ಲಿ ಅವನ ಹೊಟ್ಟೆಯ ಚಿಪ್ಪು. ಗೆರೆ ಮೊದಲು ಅವನಿಗೇ ಬಡಿಯುತ್ತಿತ್ತು. ನನ್ನ ಪ್ರೋಗ್ರಾಮು, ಬಡಿದದ್ದು ಕೋತಿಯಲ್ಲ, ಆದ್ದರಿಂದ ಏನೋ ಅಡ್ಡ ಇದೆ, ಕಾಣುತ್ತಿಲ್ಲ ಎಂದು ತೀರ್ಮಾನಿಸುತ್ತಿತ್ತು.

ಇಲ್ಲಿಯವರೆಗೆ ನಾನು ಕಂಡುಹಿಡಿದದ್ದೆಲ್ಲ ಸರಿ. ಮುಂದಿನದು ನನ್ನ ರೋಗ. ಗೆರೆ ಎಸೆಯುವಾಗ ಎಸೆದವನನ್ನೇ ಲೆಕ್ಕದಿಂದ ಬಿಡಬೇಕು ಎಂಬ ಸಾಮಾನ್ಯ ಬುದ್ಧಿ ನನಗೆ ಇರಬೇಕಾಗಿತ್ತು. ಅದರ ಬದಲು ಆ ಹೊಟ್ಟೆ ನೋಡಿ, ಇಷ್ಟು ದೊಡ್ಡದು ಮಾಡಲು ಹೇಳಿದವರು ಯಾರು ಎಂದು ಸಿಟ್ಟು ಬಂತು. ಕೂತ ಕಡೆಯಿಂದಲೇ ಆಫೀಸಿನ ಎಲ್ಲರಿಗೂ ಒಂದು ಮೇಲ್ ಬರೆದೆ. ಶತ್ರುವಿನ ಹೊಟ್ಟೆ ಅಳತೆ ಮೀರಿದೆ, ಅದು ಅವನ ದೃಷ್ಟಿಗೇ ಅಡ್ಡ ಬರುತ್ತಿದೆ, ಮಾದರಿಯ ದೋಷ ಸರಿಪಡಿಸುವ ತನಕ ನನ್ನಿಂದ ಏನೂ ಮಾಡಲಾಗುವುದಿಲ್ಲ ಎಂದು. ಅವಳು ನನ್ನಿಂದ ಎಂಟು ಅಡಿ ದೂರದಲ್ಲಿ ಕೂತಿದ್ದಳು. ಎದ್ದು ಹೋಗಿ ಹೇಳಬಹುದಿತ್ತು.

ಯಜಮಾನ ಅವಳನ್ನು ಕೋಣೆಗೆ ಕರೆದ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸುತ್ತಿತ್ತು. ಗುರುವಾರದೊಳಗೆ ಹೊಟ್ಟೆ ಇಳಿಸಿ ಎಂದ. ಹೊಟ್ಟೆ ಇಳಿಸಿದರೆ ನಡಿಗೆ, ಓಟ, ಬಟ್ಟೆಯ ಮಡಿಕೆ ಎಲ್ಲ ಮೊದಲಿಂದ ಮಾಡಬೇಕಾಗುತ್ತದೆ, ಎರಡು ವಾರವಾದರೂ ಬೇಕು ಎಂದು ಅವಳು ಹೇಳಿದಳು. ಅಷ್ಟು ದಿನ ಇಲ್ಲ, ಇದೇ ತಿಂಗಳು ನಿಮ್ಮದು ಕಾಯಂ ಮಾಡೋದೋ ಬೇಡವೋ ನೋಡಬೇಕು, ಇಂಥದ್ದೆಲ್ಲ ಇಟ್ಟುಕೊಂಡು ನಾನು ಹೇಗೆ ಹೂಂ ಅನ್ನಲಿ ಎಂದು ಅವನೆಂದ. ಅವನು ಗದರಿಸಲಿಲ್ಲ, ಮೆತ್ತಗೇ ಹೇಳಿದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವಳು ಹೊರಗೆ ಬಂದು ತನ್ನ ಕುರ್ಚಿಯಲ್ಲಿ ಕೂತು ಕಾವಲುಗಾರನ ಹೊಟ್ಟೆ ಕೆತ್ತಲು ಶುರುಮಾಡಿದಳು. ನಾನು ಕಾಫಿ ಕುಡಿಯಲು ಹೋದೆ.

ಮಂಗಳವಾರ ಮಧ್ಯಾಹ್ನ ಹೊತ್ತಿಗೆ ಅವಳ ಪರದೆಯ ಮೇಲೆ ಒಬ್ಬ ಸಣಕಲ ಕಾವಲುಗಾರ ನಿಂತಿದ್ದ. ಓಡಿಸಿದರೆ ಅಂಗಿ ಒಂದು ಕಡೆ, ಸೊಂಟ ಒಂದು ಕಡೆ. ಬೆಲ್ಟು ಗಾಳಿಯಲ್ಲಿ ತೇಲುತ್ತಿತ್ತು. ಯಾರೂ ನಗಲಿಲ್ಲ. ಅವಳು ನನ್ನ ಹತ್ತಿರ ಬಂದು, ಹೊಟ್ಟೆ ಮುಟ್ಟದೆ ಬೇರೆ ಯಾವ ದಾರಿಯೂ ಇಲ್ಲವೇ ಎಂದು ಕೇಳಿದಳು. ಕೇಳುವ ರೀತಿಯಲ್ಲಿ ದೂರು ಇರಲಿಲ್ಲ. ನನಗೆ ಸ್ವಲ್ಪ ಅಳುಕಾಯಿತು, ಅದನ್ನು ಮುಚ್ಚಲು ದೊಡ್ಡ ಉಪಕಾರ ಮಾಡುವವನ ಹಾಗೆ, ನೋಡೋಣ ಮೇಡಂ ಎಂದೆ.

ನನಗೆ ಹೊಳೆದದ್ದು ಸುಲಭದ ದಾರಿ. ಕಣ್ಣಿನ ಬಿಂದುವನ್ನು ಮುಖದಿಂದ ಎತ್ತಿ ಹೊಟ್ಟೆಗಿಂತ ಮುಂದೆ, ಗಾಳಿಯಲ್ಲಿ ಇಟ್ಟೆ. ಗೆರೆ ಹೊಟ್ಟೆ ದಾಟಿದ ಮೇಲೆಯೇ ಹೊರಡುತ್ತದೆ, ಅಡ್ಡಿ ಯಾವುದು? ಹಳೆಯ ಹೊಟ್ಟೆಯ ಕಾವಲುಗಾರನನ್ನೇ ವಾಪಸು ಕರೆತಂದು ಆಡಿಸಿದೆವು. ಕೋತಿ ಹತ್ತಿರ ಬಂತು, ಅವನು ಕೋಲೆತ್ತಿದ. ಅವಳ ಮುಖ ಅರಳಿತು. ಯಜಮಾನನನ್ನು ಕರೆದೆ. ಅವನು ಕೀಲಿಮಣೆ ಹಿಡಿದು ಕೋತಿಯನ್ನು ಕಾಂಪೌಂಡಿನ ಗೋಡೆಯ ಆಚೆ ಅಡಗಿಸಿದ. ಕಾವಲುಗಾರ ಸುತ್ತು ಹೊಡೆಯುತ್ತ ಗೋಡೆಯ ಹತ್ತಿರ ಬಂದು ಅದಕ್ಕೆ ಮುಖ ಮಾಡಿ ನಿಂತ. ನಿಂತವನೇ ಆಚೆ ಬದಿಯ ಕೋತಿಯನ್ನು ಕಂಡು ಕೂಗಾಡತೊಡಗಿದ. ಅವನ ಹೊಟ್ಟೆ ಗೋಡೆಯ ಈಚೆ, ಮುಂದಕ್ಕಿಟ್ಟ ಕಣ್ಣು ಗೋಡೆಯೊಳಗೆ ತೂರಿ ಆಚೆ ಹೋಗಿತ್ತು.

ಇವನು ಕಾವಲುಗಾರನಲ್ಲ, ಕಣಿ ಹೇಳುವವನು ಎಂದು ಯಜಮಾನ ನಕ್ಕ. ಆಮೇಲೆ ಅವಳ ಕಡೆ ತಿರುಗಿ, ಗುರುವಾರ ನೆನಪಿರಲಿ ಎಂದು ಹೇಳಿ ಹೋದ. ನನಗೆ ಏನೂ ಹೇಳಲಿಲ್ಲ. ಹೇಳಬೇಕಿತ್ತು. ನಾನು ಮತ್ತೆ, ನೋಡಿದಿರಲ್ಲ ಮೇಡಂ, ಸುತ್ತಿ ಬಳಸಿ ಬಂದರೂ ಹೊಟ್ಟೆಗೇ ಬರುತ್ತದೆ ಎಂದೆ. ಇದನ್ನು ಹೇಳುವಾಗ ನನಗೆ ಒಂದು ಬಗೆಯ ಸಮಾಧಾನವೂ ಆಯಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಕರೆಂಟು ಹೋಗಿತ್ತು. ಯುಪಿಎಸ್ ಕುಂಯ್ ಎನ್ನುತ್ತಿತ್ತು, ಅದು ಸುಮ್ಮನಾದ ಮೇಲೆ ನಮಗೂ ಕೆಲಸವಿರಲಿಲ್ಲ. ಅವಳು ಒಂದು ಕಾಗದದ ಮೇಲೆ ಕಾವಲುಗಾರನನ್ನು ಪಕ್ಕದಿಂದ ಬರೆದು, ಕಣ್ಣಿನಿಂದ ಕೋತಿಗೆ ಗೆರೆ ಎಳೆದುಕೊಂಡು ನನ್ನ ಮೇಜಿಗೆ ಬಂದಳು. ಅವಳು ಚಿತ್ರ ಮಾಡುವ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಲೇಯರುಗಳಲ್ಲಿ, ಅಂದರೆ ಪದರ ಪದರವಾಗಿ ಇಡುತ್ತಾರೆ. ಅಂಗಿ ಒಂದು ಲೇಯರು, ಮೈ ಒಂದು ಲೇಯರು. ಅಂಗಿ ಬೇಡವೆಂದರೆ ಅದನ್ನು ಅಳಿಸುವುದಿಲ್ಲ, ಆ ಲೇಯರನ್ನು ಮುಚ್ಚುತ್ತಾರೆ.

"ಸರ್, ಹೊಟ್ಟಿ ಇರಲಿ. ಆ ಗೆರಿಗೆ ಅಷ್ಟ ಈ ಲೇಯರ್ ನೋಡಬ್ಯಾಡ ಅಂತ ಹೇಳಾಕ ಬರಂಗಿಲ್ಲೇನ್ರಿ?"

ಬರುತ್ತಿತ್ತು. ಅದಕ್ಕೆಂದೇ ಒಂದು ವ್ಯವಸ್ಥೆ ಇತ್ತು, ಲೇಯರ್ ಮಾಸ್ಕ್ ಎಂದು. ಕೈಪಿಡಿಯಲ್ಲಿ ಓದಿದ್ದೆ, ಪುಟ ತಿರುವಿದ್ದೆ, ಬೇಕಾದಾಗ ನೋಡಿಕೊಳ್ಳೋಣ ಎಂದು ಬಿಟ್ಟಿದ್ದೆ. ಆಟದ ಪ್ರತಿ ವಸ್ತುವನ್ನೂ ಒಂದೊಂದು ಲೇಯರಿಗೆ ಸೇರಿಸಬಹುದು. ಗೆರೆ ಎಸೆಯುವಾಗ, ಇಂತಿಂಥ ಲೇಯರುಗಳಿಗೆ ಮಾತ್ರ ಬಡಿ, ಉಳಿದವು ಇಲ್ಲವೇ ಇಲ್ಲ ಎಂದುಕೋ ಎಂದು ಪಟ್ಟಿ ಕೊಡಬಹುದು. ಆ ಪಟ್ಟಿಯೇ ಮಾಸ್ಕ್. ಚಿಪ್ಪು ಎಲ್ಲಿತ್ತೋ ಅಲ್ಲೇ ಇರುತ್ತದೆ, ಹಣ್ಣು ಬಡಿದರೆ ಪುಟಿಯುತ್ತದೆ, ಗೆರೆಗೆ ಮಾತ್ರ ಅದು ಗಾಳಿ.

ಕಲಾವಿದೆಯೊಬ್ಬಳು ನನಗೆ ನನ್ನ ಕೆಲಸ ಹೇಳಿಕೊಟ್ಟಳಲ್ಲ ಎಂದು ನನಗೆ ಒಳಗೊಳಗೆ ಚುರುಕ್ ಎಂದಿತು. ಆದರೂ ಕರೆಂಟು ಬಂದ ಮೇಲೆ ಕೂತೆ. ಗೋಡೆ ಮತ್ತು ಮರಗಳಿಗೆ ಒಂದು ಲೇಯರು, ಕೋತಿಗೆ ಒಂದು, ಹೊಟ್ಟೆ ಸಮೇತ ಕಾವಲುಗಾರನಿಗೆ ಒಂದು. ಮಾಸ್ಕಿನಲ್ಲಿ ಗೋಡೆಯ ಲೇಯರು, ಕೋತಿಯ ಲೇಯರು ಎರಡೇ. ಗೋಡೆಯನ್ನು ಬಿಟ್ಟರೆ ಅವನು ಮತ್ತೆ ಗೋಡೆಯ ಆಚೆಯದನ್ನೆಲ್ಲ ಕಾಣತೊಡಗುತ್ತಾನೆ, ಅದಕ್ಕೆ ಗೋಡೆ ಪಟ್ಟಿಯಲ್ಲಿ ಇರಲೇಬೇಕು. ಕಣ್ಣಿನ ಬಿಂದುವನ್ನು ವಾಪಸು ಮುಖಕ್ಕೆ ತಂದೆ. ಓಡಿಸಿದೆ.

ಕೋತಿ ಎರಡು ಹೆಜ್ಜೆ ದೂರದಲ್ಲಿ ನಿಂತಿತು. ಕಾವಲುಗಾರ ಕದಲಲಿಲ್ಲ.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಲೇಯರೂ ಆಯಿತು, ಎಲ್ಲ ಆಯಿತು, ನಾನು ಮೊದಲೇ ಹೇಳಿದ್ದೆನಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ಕದಲದೆ ನನ್ನ ಪರದೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತೋ ಏನೋ, ದನಿಯಲ್ಲಿ ಇರಲಿಲ್ಲ. ಆ ಒಂದು ಸಾಲನ್ನು ತನಗೆ ಓದಿ ಹೇಳಬೇಕು ಎಂದಳು. ನಿಮಗೆ ಅರ್ಥವಾಗುವುದಿಲ್ಲ ಎಂದೆ. ಆಗದಿದ್ದರೂ ಚಿಂತೆಯಿಲ್ಲ, ಒಂದೊಂದು ಯಾವುದು ಏತಕ್ಕೆ ಎಂದಷ್ಟೇ ಹೇಳಿ ಎಂದಳು.

ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಶುರುಮಾಡಿದೆ. ಮೊದಲನೆಯದು, ಗೆರೆ ಎಲ್ಲಿಂದ ಹೊರಡಬೇಕು. ಎರಡನೆಯದು, ಯಾವ ದಿಕ್ಕಿಗೆ. ಮೂರನೆಯದು, ಎಷ್ಟು ದೂರ. ನಾಲ್ಕನೆಯದು, ಯಾವ ಲೇಯರುಗಳು.

"ನಾಕು ಅಂದ್ರಿ. ಇಲ್ಲಿ ಮೂರ ಅದಾವಲ್ರಿ."

ಎಣಿಸಿದೆ. ಮೂರೇ ಇದ್ದವು. ಎಲ್ಲಿಂದ, ಯಾವ ದಿಕ್ಕಿಗೆ, ಆಮೇಲೆ ನೇರವಾಗಿ ಮಾಸ್ಕ್. ದೂರವನ್ನು ಬರೆದೇ ಇರಲಿಲ್ಲ. ಮಾಸ್ಕ್ ಎಂದರೆ ಕಂಪ್ಯೂಟರಿಗೆ ಒಂದು ಅಂಕಿ ಅಷ್ಟೇ. ಮೂರನೆಯ ಜಾಗದಲ್ಲಿ ಕಂಡ ಅಂಕಿಯನ್ನು ಅದು ದೂರ ಎಂದುಕೊಂಡಿತ್ತು. ದೊಡ್ಡ ಅಂಕಿ, ಇಡೀ ಕಾಂಪೌಂಡು ದಾಟಿ ಹೋಗುವಷ್ಟು ದೂರ, ಹಾಗಾಗಿ ಯಾವ ತಕರಾರನ್ನೂ ತೆಗೆಯಲಿಲ್ಲ. ನಾಲ್ಕನೆಯ ಜಾಗ ಖಾಲಿ. ಖಾಲಿ ಎಂದರೆ ಎಲ್ಲಕ್ಕೂ ಬಡಿ ಎಂದರ್ಥ. ಗೆರೆ ವಿಧೇಯವಾಗಿ ಎಲ್ಲಕ್ಕೂ ಬಡಿಯುತ್ತಿತ್ತು, ಮೊದಲು ಹೊಟ್ಟೆಗೆ.

ನನ್ನ ಮುಖ ಇಂಗು ತಿಂದ ಮಂಗನ ಹಾಗೆ ಆಗಿರಬೇಕು. ದೂರ ಎಷ್ಟು ಎಂದು ಒಂದು ಅಂಕಿ ಸೇರಿಸಿದೆ, ಮಾಸ್ಕ್ ನಾಲ್ಕನೆಯ ಜಾಗಕ್ಕೆ ಸರಿಯಿತು. ಓಡಿಸಿದೆ. ಕೋತಿ ಹತ್ತಿರ ಬಂತು. ಕಾವಲುಗಾರ ಒಂದು ಕ್ಷಣ ಬೆಚ್ಚಿ, ಕೋಲೆತ್ತಿ, ಹೊಟ್ಟೆ ಕುಲುಕಿಸುತ್ತ ಅಟ್ಟಿಸಿಕೊಂಡು ಹೊರಟ. ಗೋಡೆಯ ಹಿಂದೆ ಅಡಗಿಸಿದೆ, ಕಾಣಲಿಲ್ಲ. ಕೋತಿ ಹೊರಗೆ ಬಂದ ಕೂಡಲೇ ಅವನಿಗೆ ಕಂಡಿತು. ಇಬ್ಬರು ಕಾವಲುಗಾರರಿದ್ದಿದ್ದರೆ ಒಬ್ಬನ ಬೆನ್ನ ಹಿಂದೆ ಅಡಗಿದ ಕೋತಿಯೂ ಇನ್ನೊಬ್ಬನಿಗೆ ಕಾಣಿಸಿಬಿಡುತ್ತಿತ್ತು. ನಮ್ಮವನು ಒಬ್ಬನೇ, ಅದರ ಚಿಂತೆ ಇರಲಿಲ್ಲ. ಅವಳು ಇಪ್ಪತ್ತು ನಿಮಿಷ ಆಡಿದಳು, ಬೇಕೆಂದೇ ಮತ್ತೆ ಮತ್ತೆ ಸಿಕ್ಕಿಬಿದ್ದಳು.

ಎಲ್ಲರಿಗೂ ಇನ್ನೊಂದು ಮೇಲ್ ಹಾಕಿದೆ. ಶತ್ರುವಿನ ದೃಷ್ಟಿಯ ಸಮಸ್ಯೆ ಬಗೆಹರಿದಿದೆ. ಒಂದೇ ಸಾಲು. ಯಾರ ಸಮಸ್ಯೆ, ಹೇಗೆ ಬಗೆಹರಿಯಿತು, ಬಗೆಹರಿಸಿದ್ದು ಯಾರು, ಏನೂ ಇಲ್ಲ. ಬರೆಯುವಾಗ ನನಗೆ ಅದು ಸುಳ್ಳು ಅನ್ನಿಸಲಿಲ್ಲ.

ಶುಕ್ರವಾರ ಬಂದವರು ಇಬ್ಬರು. ಕಾವಲುಗಾರ ಓಡಿದ ಕೂಡಲೇ ನಕ್ಕರು. ಆಟವನ್ನು ಒಪ್ಪಿಕೊಂಡರು, ಆಟ ಮಾರುವ ಡಬ್ಬಿಯ ಮೇಲೆ ಕೋತಿಗಿಂತ ದೊಡ್ಡದಾಗಿ ಈ ಹೊಟ್ಟೆಯವನ ಚಿತ್ರವೇ ಇರಲಿ ಎಂದರು. ಅವರು ಹೋದ ಮೇಲೆ ಯಜಮಾನ ನನ್ನ ಹೆಗಲ ಮೇಲೆ ಕೈ ಹಾಕಿ, ಕೊನೇ ಗಳಿಗೇಲಿ ಉಳಿಸ್ದೆ ಮಗಾ ಎಂದ. ಅವಳು ಪಕ್ಕದಲ್ಲೇ ನಿಂತು ಕಾಫಿ ಲೋಟಗಳನ್ನು ಜೋಡಿಸುತ್ತಿದ್ದಳು. ನಾನು ಹೂಂ ಅಂದೆ.

ಮರುವಾರ ಅವಳ ಪತ್ರ ತಯಾರಾಯಿತು. ಪ್ರಿಂಟರು ಅಡುಗೆಮನೆಯಲ್ಲಿತ್ತು ಎಂದೆನಲ್ಲ, ನಾನು ಬೇರೇನೋ ತರಲು ಹೋದಾಗ ಆ ಪತ್ರ ಹೊರಗೆ ಬರುತ್ತಿತ್ತು. ಓದಬಾರದಿತ್ತು, ಓದಿದೆ. ಕಾಯಂ ಅಲ್ಲ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ. ಕಾರಣ, ಶತ್ರು ಪಾತ್ರದ ಮಾದರಿಯಲ್ಲಿನ ದೋಷದಿಂದ ಕೆಲಸ ತಡವಾದದ್ದು. ದೋಷ ಎಂಬ ಮಾತು ನನ್ನ ಮೊದಲ ಮೇಲ್‌ನಿಂದಲೇ ನಡೆದುಕೊಂಡು ಬಂದಿತ್ತು. ಹುಡುಗನ್ನ ನೋಡೋಣ ಎಂದು ಗದಗಿನಲ್ಲಿ ಕಾಯುತ್ತಿದ್ದವರ ನೆನಪಾಯಿತು. ಅವಳು ಆ ಮಾತನ್ನು ನಕ್ಕು ಹೇಳಿದ್ದು ನೆನಪಾಯಿತು.

ಪತ್ರ ಹಿಡಿದುಕೊಂಡು ಚಿಟ್ಟೆಯ ಬಾಗಿಲು ತಳ್ಳಿ ಒಳಗೆ ಹೋದೆ. ಮಾದರಿಯಲ್ಲಿ ದೋಷ ಇರಲಿಲ್ಲ, ನನ್ನ ಪ್ರೋಗ್ರಾಮಿನಲ್ಲಿತ್ತು, ಮೊದಲ ದಿನವೂ ನನ್ನದೇ, ಮೂರನೆಯ ದಿನವೂ ನನ್ನದೇ, ದಾರಿ ತೋರಿಸಿದ್ದು, ಕೊನೆಗೆ ತಪ್ಪು ಹಿಡಿದದ್ದು ಎರಡೂ ಅವಳು ಎಂದು ನಿಂತೇ ಹೇಳಿದೆ. ಯಜಮಾನ ಪೆನ್ನು ತಿರುಗಿಸುತ್ತ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದೆ.

"ನಂಗೆ ಹೇಳಿದ್ರೆ ಏನ್ ಬಂತು ಮಗಾ? ಅವತ್ತು ಎಲ್ರಿಗೂ ಬರ್ದಿದ್ದೆ, ಈಗ್ಲೂ ಎಲ್ರಿಗೂ ಬರಿ. ಆಮೇಲೆ ಇದನ್ನ ಹರಿತೀನಿ."

ಬರೆದೆ. ಬರೆಯಲು ಒಂದೂವರೆ ಗಂಟೆ ಹಿಡಿಯಿತು. ಮೊದಲು ರೇಕಾಸ್ಟ್ ಎಂದರೇನು, ಕೊಲೈಡರ್ ಎಂದರೇನು ಎಂದು ಶುರುಮಾಡಿ ಎರಡು ಪುಟ ಮಾಡಿದ್ದೆ. ಓದಿ ನೋಡಿದರೆ ನನ್ನ ತಪ್ಪು ಅದರೊಳಗೆ ಹುಡುಕಿದರೂ ಸಿಗುವಂತಿರಲಿಲ್ಲ. ಎಲ್ಲ ಅಳಿಸಿದೆ. ಹೊಟ್ಟೆಯಲ್ಲಿ ತಪ್ಪಿರಲಿಲ್ಲ, ಗೆರೆ ಎಸೆಯುವಾಗ ಕಾವಲುಗಾರನನ್ನೇ ಬಿಟ್ಟು ನೋಡು ಎಂದು ನಾನು ಹೇಳಿರಲಿಲ್ಲ, ತಪ್ಪು ನನ್ನದು, ಅದನ್ನು ಕಂಡುಹಿಡಿದವರು ನಮ್ಮ ಕಲಾವಿದೆ ಎಂದು ನಾಲ್ಕು ಸಾಲು ಬರೆದು ಕಳಿಸಿದೆ. ಎಂಟು ಅಡಿ ದೂರದಲ್ಲಿ ಅವಳ ಕಂಪ್ಯೂಟರು ಮೇಲ್ ಬಂತೆಂದು ಸಣ್ಣಗೆ ಸದ್ದು ಮಾಡಿತು. ನಾನು ತಲೆ ಎತ್ತಲಿಲ್ಲ.

ಸಂಜೆ ಹೊತ್ತಿಗೆ ಹೊಸ ಪತ್ರ ಅವಳ ಕೈಗೆ ಬಂತು. ಕೆಲಸ ಕಾಯಂ. ಅವಳು ಬಾಲ್ಕನಿಗೆ ಹೋಗಿ ಮನೆಗೆ ಫೋನು ಮಾಡಿದಳು, ತುಂಬಾ ಹೊತ್ತು ಮಾತಾಡಿದಳು, ನಡುವೆ ನಗುವೂ ಕೇಳಿಸಿತು. ಆ ನಗು ಕೇಳಿ ನನಗೆ ಧೈರ್ಯ ಬಂತು. ಬೇಕರಿಯಿಂದ ಎಲ್ಲರಿಗೂ ಆಗುವಷ್ಟು ದಿಲ್‌ಪಸಂದ್ ತಂದಿದ್ದೆ. ಒಂದು ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಅವಳ ಮೇಜಿಗೆ ಹೋಗಿ ಕ್ಷಮಿಸಿ ಮೇಡಂ ಎಂದೆ. ನನ್ನ ಮೇಲೆ ಸಿಟ್ಟಿದ್ದರೆ ಬೈದುಬಿಡಿ ಎಂದೂ ಸೇರಿಸಿದೆ. ಬೈಸಿಕೊಂಡು ಹಗುರಾಗುವ ಆಸೆ ನನಗಿತ್ತು.

ಅವಳು ತಟ್ಟೆ ತೆಗೆದುಕೊಂಡಳು. ಪರದೆಯ ಮೇಲೆ ಎರಡು ಕಡತಗಳು ತೆರೆದಿದ್ದವು, ಒಂದರಲ್ಲಿ ಹೊಟ್ಟೆಯ ಕಾವಲುಗಾರ, ಇನ್ನೊಂದರಲ್ಲಿ ಆ ಸಣಕಲ. ಸಣಕಲನನ್ನು ಅಳಿಸುತ್ತಿದ್ದಳು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಸರ್," ಎಂದಳು. "ನೀವು ಬರದದ್ದು ಓದಿ, ಹೌದು, ನಂದ ತಪ್ಪು ಅಂತ ನಾನೂ ನಂಬಿದ್ದೆ. ಯಾರನ್ನೂ ಕೇಳದ ಇವನ ಹೊಟ್ಟಿ ಕೊಯ್ಯಾಕ ಕುಂತಿದ್ದೆ. ಆ ಸಿಟ್ಟು ನನ್ನ ಮ್ಯಾಲ ಐತಿ."

ನಾನು ಅವಳ ಕೆಲಸ ಕಿತ್ತುಕೊಳ್ಳುವುದರಲ್ಲಿದ್ದೆ ಎಂದು ಮಾತ್ರ ತಿಳಿದುಕೊಂಡಿದ್ದೆ. ಅವಳಿಗೆ ತನ್ನ ಕೆಲಸದ ಮೇಲಿದ್ದ ನಂಬಿಕೆಯನ್ನೇ ಮೂರು ದಿನ ಕಿತ್ತುಕೊಂಡಿದ್ದೆ, ಅದೂ ಒಂದು ಮೇಲ್‌ನಿಂದ, ಎದ್ದು ಹೋಗಿ ಕೇಳಲು ಸೋಮಾರಿತನವಾಗಿ. ಪತ್ರ ಹರಿದರೆ ಕೆಲಸ ವಾಪಸು ಬರುತ್ತದೆ. ಇದು ಹಾಗಲ್ಲ ಎಂದು ಅವಳ ಕುರ್ಚಿಯ ಪಕ್ಕ ನಿಂತು ಅರ್ಥಮಾಡಿಕೊಂಡೆ. ಅವಳು ದಿಲ್‌ಪಸಂದಿನ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಅಳಿಸಲೇ ಎಂದು ಕಂಪ್ಯೂಟರು ಕೇಳಿದ ಪ್ರಶ್ನೆಗೆ ಹೌದು ಒತ್ತಿದಳು.